ಗಂಜಿ ಹದ, ಇಡ್ಲಿ ಹಿಟ್ಟಿನ ಹದ

ಬೆಕ್ಕಿನ ಮರಿಗಳಿಗೆ ಹಾಲು ಬಿಡಿಸೋದು ನಾವಲ್ಲ, ಅವುಗಳ ತಾಯಿ. ನಮ್ಮ ಕೆಲಸ ಪಕ್ಕದಲ್ಲಿ ಸರಿಯಾದ ತಟ್ಟೆ ಇಡೋದು, ದಿನಾ ತೂಕ ನೋಡೋದು, ಅಷ್ಟೇ. ಇದು ಗೊತ್ತಿಲ್ಲದೆ ಹಾಸ್ಟೆಲ್‌ನಲ್ಲಿ ಎಲ್ಲರೂ ಮೊದಲು ಮಾಡೋದು ಒಂದೇ: ಮೆಸ್‌ನಿಂದ ಒಂದು ಲೋಟ ಹಾಲು ತಂದು ಮರಿ ಮುಂದೆ ಇಡೋದು.

ನಮ್ಮ ಬ್ಲಾಕ್‌ನ ಮೆಟ್ಟಿಲ ಕೆಳಗೆ ಗೌರಿ ಮೂರು ಮರಿ ಹಾಕಿದ್ದಳು. ವೋಲ್ಟ್, ಆಂಪ್, ಓಮ್. (ಹೆಸರಿಟ್ಟಿದ್ದು ಇಇಇ ಬ್ರಾಂಚಿನವರು, ನಾವಲ್ಲ.) ಹುಟ್ಟಿದ ದಿನ ಗೊತ್ತಿದ್ದದ್ದು ನಮ್ಮ ಪುಣ್ಯ, ಯಾಕಂದ್ರೆ ಹಾಲು ಬಿಡಿಸೋ ಲೆಕ್ಕ ಪೂರ್ತಿ ವಯಸ್ಸಿನ ಮೇಲೇ ನಿಂತಿದೆ. ಇನ್ನೊಂದು ಲೆಕ್ಕವೂ ಇತ್ತು. ಮರಿಗಳಿಗೆ 58 ದಿನ ಆಗೋ ಹೊತ್ತಿಗೆ ಸೆಮ್ ಮುಗಿದು ಮೆಸ್ ಬಾಗಿಲು ಹಾಕ್ತಿತ್ತು. ರಜೆಯಲ್ಲಿ ಕ್ಯಾಂಪಸ್‌ನಲ್ಲಿ ಇರೋದು ಸೆಕ್ಯುರಿಟಿ ಅಂಕಲ್ ಒಬ್ಬರೇ. ಅವರು ಒಣ ಫುಡ್ ಹಾಕೋಕೆ ಒಪ್ಪಿದ್ರು. ಆದ್ರೆ ಮರಿ ಅದನ್ನ ತಿನ್ನೋಕೆ ಕಲಿತಿರಬೇಕಲ್ಲ?

ಸುಮಾರು ಮೂರನೇ ವಾರಕ್ಕೆ ಮರಿಗಳ ಮುಂದಿನ ಪುಟ್ಟ ಹಲ್ಲು ಕಾಣುತ್ತೆ, ಆಮೇಲೆ ಕೋರೆಹಲ್ಲು. ಆ ಹಲ್ಲು ತಾಯಿಗೆ ಚುಚ್ಚೋಕೆ ಶುರುವಾದಾಗ ಅವಳು ನಿಧಾನವಾಗಿ ದೂರ ಸರಿಯುತ್ತಾಳೆ. ಗೌರಿ ಮೊದಲೆಲ್ಲ ಮರಿ ಕೂಗಿದ ಕೂಡಲೇ ಬಂದು ಮಲಗುತ್ತಿದ್ದವಳು, ನಾಲ್ಕನೇ ವಾರದಲ್ಲಿ ಹೊಟ್ಟೆಯನ್ನ ನೆಲಕ್ಕೆ ಒತ್ತಿಕೊಂಡು ಕೂರೋಕೆ ಶುರು ಮಾಡಿದಳು. ಕೆಲವು ಸಲ ಮರಿ ಹತ್ತಲಾಗದ ಕಿಟಕಿ ಕಟ್ಟೆ ಮೇಲೆ ಹೋಗಿ ಕಣ್ಣು ಮುಚ್ಚಿ ಕೂತಿರೋಳು. ಇದನ್ನ ನೋಡಿ 'ತಾಯಿ ಮರಿಗಳನ್ನ ಬಿಟ್ಟುಬಿಟ್ಟಳು' ಅಂತ ಗಾಬರಿಯಾದವರಿದ್ದಾರೆ. ಬಿಟ್ಟಿಲ್ಲ. ಮರಿ ಕಡಿಮೆ ಕುಡಿದಷ್ಟು ಹಾಲು ಕಡಿಮೆ ಬರುತ್ತೆ, ಹಾಲು ಕಡಿಮೆಯಾದಷ್ಟು ಮರಿಗೆ ಹಸಿವಾಗಿ ತಟ್ಟೆ ಕಡೆ ಹೋಗುತ್ತೆ. ಕಂಟ್ರೋಲ್ ಸಿಸ್ಟಮ್ಸ್ ಪಾಠದ ಫೀಡ್‌ಬ್ಯಾಕ್ ಲೂಪ್ ಥರ, ತಾನಾಗೇ ನಡೆಯೋ ವ್ಯವಸ್ಥೆ ಇದು. ಮಧ್ಯೆ ನಾವು ಕೈ ಹಾಕಿ ಮರಿಗಳನ್ನ ಒಂದೇ ಸಲಕ್ಕೆ ಬೇರೆ ಮಾಡಿದ್ರೆ ತಾಯಿಗೆ ಹಾಲು ಕಟ್ಟಿಕೊಂಡು ಕೆಚ್ಚಲು ಬಾವು ಬರಬಹುದು. ಹೀಗಾಗಿ ನಾಲ್ಕನೇ ವಾರದಿಂದ ಎಂಟನೇ ವಾರದವರೆಗೆ ಎರಡೂ ಇರಬೇಕು: ತಾಯಿ ಹಾಲೂ, ತಟ್ಟೆಯೂ.

ತಟ್ಟೆಯಲ್ಲಿ ಏನಿಡಬೇಕು ಅನ್ನೋದರ ಮೇಲೆ ನಮ್ಮ ಕಾರಿಡಾರ್‌ನಲ್ಲಿ ದೊಡ್ಡ ಚರ್ಚೆಯೇ ಆಯ್ತು. ಹಾಲು ಅಂದವರು ಹೆಚ್ಚು. ಆದ್ರೆ ಬೆಕ್ಕಿನ ಹಾಲಿನಲ್ಲಿರೋ ಪ್ರೋಟೀನ್ ಹಸುವಿನ ಹಾಲಿನದಕ್ಕಿಂತ ಎರಡರಷ್ಟು ಜಾಸ್ತಿ. ಮೇಲಾಗಿ ಹಾಲಿನ ಸಕ್ಕರೆ ಅರಗಿಸೋ ಲ್ಯಾಕ್ಟೇಸ್ ಅನ್ನೋ ಕಿಣ್ವ, ಹಾಲು ಬಿಡೋ ವಯಸ್ಸಿನಲ್ಲೇ ಮರಿಯ ಕರುಳಿನಲ್ಲಿ ಕಡಿಮೆಯಾಗ್ತಾ ಹೋಗುತ್ತೆ. ಅರಗದೆ ಉಳಿದ ಸಕ್ಕರೆ ಕರುಳಿಗೆ ನೀರನ್ನ ಎಳೆಯುತ್ತೆ, ಭೇದಿ ಆಗುತ್ತೆ. ನೀರು ಬೆರೆಸಿ ಕೊಟ್ರೆ ಸರಿಹೋಗುತ್ತೆ ಅಂತಾರೆ, ಆಗ ಹೊಟ್ಟೆ ತುಂಬುತ್ತೆ, ಶಕ್ತಿ ಇರಲ್ಲ.

ಮೊಸರನ್ನ? ನಮ್ಮೂರಲ್ಲೆಲ್ಲ ಬೆಕ್ಕು ಬೆಳೆದಿರೋದು ಮೊಸರನ್ನದ ಮೇಲೇ ಅಂತ ಎಲ್ಲರ ಅಜ್ಜಿಯೂ ಹೇಳ್ತಾರೆ. ಆ ಬೆಕ್ಕುಗಳು ರಾತ್ರಿ ಅಟ್ಟದ ಮೇಲೆ ಇಲಿ ಹಿಡಿದು ತಿಂತಿದ್ವು ಅನ್ನೋದನ್ನ ಅಜ್ಜಿ ಹೇಳಲ್ಲ. ಬೆಕ್ಕು ಮಾಂಸಾಹಾರಿ. ಅದಕ್ಕೆ ಬೇಕಾದ ಟೌರಿನ್ ಅನ್ನ, ಮೊಸರಿನಲ್ಲಿ ಸಾಕಷ್ಟು ಸಿಗಲ್ಲ, ಸಿಗೋದು ಮಾಂಸದಲ್ಲಿ. ತಿಂಗಳುಗಟ್ಟಲೆ ಕೊರತೆಯಾದ್ರೆ ಕಣ್ಣಿಗೂ ಹೃದಯಕ್ಕೂ ಪೆಟ್ಟು. ನಾಯಿ ಫುಡ್ ಕೂಡ ಇದೇ ಕಾರಣಕ್ಕೆ ಬೇಡ.

ನಾವು ತಂದಿದ್ದು 'ಕಿಟನ್' ಅಂತ ಬರೆದಿರೋ ಒಣ ಫುಡ್, ಮೂವರು ದುಡ್ಡು ಹಾಕಿ. ಒಂದು ಚಮಚ ಕಾಳಿಗೆ ಮೂರು ಚಮಚ ಬಿಸಿನೀರು ಹಾಕಿ, ಇಪ್ಪತ್ತು ನಿಮಿಷ ನೆನೆಸಿ, ಚಮಚದ ಹಿಂಭಾಗದಲ್ಲಿ ಗಂಟಿಲ್ಲದ ಹಾಗೆ ಕಿವುಚಿದ್ರೆ ತೆಳ್ಳಗಿನ ರಾಗಿ ಗಂಜಿ ಹದ ಬರುತ್ತೆ. ಶುರುವಿಗೆ ಇದೇ ಸರಿ. ಒಂದು ವಾರ ಬಿಟ್ಟು ನೀರು ಎರಡು ಚಮಚಕ್ಕೆ ಇಳಿಸಿದ್ರೆ ಇಡ್ಲಿ ಹಿಟ್ಟಿನ ಹದ. ಆರನೇ ವಾರದ ಹೊತ್ತಿಗೆ ಒಂದಕ್ಕೆ ಒಂದು, ಕಾಳು ಮೆತ್ತಗಾಗಿರುತ್ತೆ ಆದ್ರೆ ಆಕಾರ ಉಳಿದಿರುತ್ತೆ. ಆಮೇಲೆ ಒಣ ಕಾಳು. ಕೊಡುವಾಗ ಬೆರಳಿಗೆ ಉಗುರುಬೆಚ್ಚಗೆ ಇರಬೇಕು. ತಣ್ಣಗಿದ್ರೆ ವಾಸನೆ ಬರಲ್ಲ, ಮರಿ ಮೂಸಿಯೂ ನೋಡಲ್ಲ. ದಿನಕ್ಕೆ ನಾಲ್ಕು ಸಲ ಸ್ವಲ್ಪ ಸ್ವಲ್ಪ ಕೊಡೋದು, ಅರ್ಧ ಗಂಟೆ ಆದ್ಮೇಲೆ ಉಳಿದದ್ದನ್ನ ಎತ್ತಿಬಿಡೋದು. ನಮ್ಮ ಸೆಖೆಗೆ ನೆನೆದ ಫುಡ್ ಬೇಗ ಹುಳಿ ಬರುತ್ತೆ. ಪಕ್ಕದಲ್ಲಿ ಒಂದು ಚಪ್ಪಟೆ ಬಟ್ಟಲಲ್ಲಿ ನೀರು ಯಾವಾಗಲೂ ಇರಬೇಕು, ಯಾಕಂದ್ರೆ ಇಷ್ಟು ದಿನ ನೀರೂ ಹಾಲಿನಲ್ಲೇ ಬರ್ತಿತ್ತು.

ಮೆಸ್ ಅಕ್ಕ ಚಿಕನ್ ಇರೋ ದಿನ ಮಸಾಲೆಗೆ ಹಾಕೋ ಮುಂಚೆ ಎರಡು ತುಂಡು ಉಪ್ಪಿಲ್ಲದೆ ಬೇಯಿಸಿ ಎತ್ತಿಡ್ತಿದ್ರು. ಮೂಳೆ ತೆಗೆದು, ನೂಲಿನ ಹಾಗೆ ಬಿಡಿಸಿ ಗಂಜಿ ಮೇಲೆ ಉದುರಿಸ್ತಿದ್ವಿ. ಸಾರಿನಲ್ಲಿ ಬಿದ್ದ ತುಂಡನ್ನ ತೊಳೆದು ಕೊಟ್ಟರೂ ಆಗಲ್ಲ. ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿನ ಕೆಂಪು ರಕ್ತಕಣಗಳನ್ನ ಒಡೆಯುತ್ತವೆ. ಹಾಗಂತ ಬರೀ ಬೇಯಿಸಿದ ಚಿಕನ್ ಮೇಲೇ ಬೆಳೆಸೋಕೂ ಬರಲ್ಲ, ಅದರಲ್ಲಿ ಕ್ಯಾಲ್ಸಿಯಂ ಸಾಲದು, ಬೆಳೆಯೋ ಮೂಳೆ ಮೆತ್ತಗಾಗುತ್ತೆ.

28ನೇ ದಿನ ಮೊದಲ ತಟ್ಟೆ ಇಟ್ಟಾಗ ವೋಲ್ಟ್ ತಟ್ಟೆಯೊಳಗೆ ನಡೆದುಕೊಂಡು ಹೋಗಿ ಕೂತ. ಆಂಪ್ ಮೂಸಿ ಸೀನಿತು. ಇಂಥ ಹೊತ್ತಲ್ಲಿ ಮರಿಯ ಮೂತಿ ಹಿಡಿದು ಗಂಜಿಗೆ ಅದ್ದಬೇಡಿ, ಸಿರಿಂಜಲ್ಲಿ ಬಾಯಿಗೆ ತಳ್ಳಲೂ ಬೇಡಿ. ಅದು ಉಸಿರಿನ ಜೊತೆ ಶ್ವಾಸಕೋಶಕ್ಕೆ ಹೋದ್ರೆ ನ್ಯುಮೋನಿಯಾ. ಬೆರಳಿಗೆ ಹಚ್ಚಿ ನೆಕ್ಕಿಸಿ, ಬೆರಳನ್ನ ನಿಧಾನಕ್ಕೆ ತಟ್ಟೆಗೆ ಇಳಿಸಿದ್ರೆ ಸಾಕು. ಆದ್ರೆ ನಿಜವಾಗಿ ಕೆಲಸ ಮಾಡಿದ್ದು ನಮ್ಮ ಬೆರಳಲ್ಲ. ಮಾರನೇ ದಿನ ಗೌರಿಗೂ ಅದೇ ಫುಡ್ಡನ್ನ ಅದೇ ಜಾಗದಲ್ಲಿ ಇಟ್ವಿ. ಹಾಲೂಡಿಸೋ ತಾಯಿಗೆ ಎಂದಿನದಕ್ಕಿಂತ ಎರಡು ಪಟ್ಟಾದರೂ ಊಟ ಬೇಕು, ಅವಳಿಗೂ ಕಿಟನ್ ಫುಡ್ ಒಳ್ಳೇದೇ. ಅವಳು ತಿನ್ನೋದನ್ನ ನೋಡ್ತಾ ಆಂಪ್ ಅವಳ ಗದ್ದದ ಕೆಳಗೆ ತಲೆ ತೂರಿಸಿ ನೆಕ್ಕೋಕೆ ಶುರು ಮಾಡಿತು. ಇದರ ಬಗ್ಗೆ ವಾಂಡಾ ವಿರ್ವಿಕಾ ಅನ್ನೋ ವಿಜ್ಞಾನಿ 1978ರಲ್ಲಿ ಬರೆದಿದ್ದಾರೆ. ತಾಯಿ ಬೆಕ್ಕುಗಳಿಗೆ ಬಾಳೆಹಣ್ಣು ತಿನ್ನೋ ಅಭ್ಯಾಸ ಮಾಡಿಸಿದಾಗ, ಜೊತೆಗಿದ್ದ ಮರಿಗಳೂ ಬಾಳೆಹಣ್ಣನ್ನೇ ತಿಂದವಂತೆ. ಬೆಕ್ಕು, ಬಾಳೆಹಣ್ಣು! ತಾಯಿ ತಿಂದದ್ದೇ ಮರಿಗೆ ಊಟ ಅನ್ನೋದಕ್ಕೆ ಇದಕ್ಕಿಂತ ಏನು ಬೇಕು.

ಈಗ ಓಮ್ ವಿಷಯ. ಬಟ್ಟಲನ್ನ ಅಡುಗೆ ತಕ್ಕಡಿ ಮೇಲಿಟ್ಟು ದಿನಾ ಬೆಳಿಗ್ಗೆ ಒಂದೇ ಹೊತ್ತಿಗೆ, ಊಟಕ್ಕೆ ಮುಂಚೆ ತೂಗ್ತಿದ್ವಿ. ಆರೋಗ್ಯವಾಗಿರೋ ಮರಿ ದಿನಕ್ಕೆ ಹತ್ತು ಹದಿನೈದು ಗ್ರಾಂ ಏರಬೇಕು. 28ನೇ ದಿನ ವೋಲ್ಟ್ 420 ಗ್ರಾಂ, ಆಂಪ್ 400, ಓಮ್ 330. ಚಿಕ್ಕದಾದ್ರೂ ಏರ್ತಾ ಇತ್ತು, 33ನೇ ದಿನಕ್ಕೆ 375. ಆ ರಾತ್ರಿ ಯಾರೋ ಮೆಟ್ಟಿಲ ಕೆಳಗೆ ಒಂದು ಬಟ್ಟಲು ಮೆಸ್ ಹಾಲು ಇಟ್ಟು ಹೋಗಿದ್ರು, ಪ್ರೀತಿಯಿಂದಲೇ. ಬೆಳಿಗ್ಗೆ ಬಟ್ಟಲು ಖಾಲಿ. ವೋಲ್ಟ್, ಆಂಪ್ ಆಟ ಆಡ್ತಿದ್ವು. ಓಮ್ 370. ಮಾರನೇ ದಿನ 352, ಹಳದಿ ನೀರಿನ ಹಾಗೆ ಭೇದಿ.

ಊಟ ಬದಲಾದಾಗ ಒಂದೆರಡು ದಿನ ಮಲ ಮೆತ್ತಗಾಗೋದು ಸಾಮಾನ್ಯ, ಮರಿ ಚುರುಕಾಗಿದ್ದು ತೂಕ ಏರ್ತಿದ್ರೆ ಕಾಯಬಹುದು. ಭೇದಿ ನೀರಾಗಿ, ತೂಕವೂ ಇಳಿದ್ರೆ ಕಾಯೋ ಹಾಗಿಲ್ಲ. ಕತ್ತಿನ ಹಿಂದಿನ ಚರ್ಮ ಎತ್ತಿ ಬಿಟ್ಟಾಗ ಥಟ್ಟನೆ ಕೂರಬೇಕು. ಓಮ್‌ದು ಮಡಿಕೆಯಾಗಿ ನಿಂತು ನಿಧಾನವಾಗಿ ಇಳಿಯಿತು. ಒಸಡು ಮುಟ್ಟಿದ್ರೆ ಅಂಟಂಟು. ಮೈಯಲ್ಲಿ ನೀರು ಕಮ್ಮಿಯಾಗಿದೆ ಅಂತ ಅರ್ಥ. 350 ಗ್ರಾಂ ಜೀವದಲ್ಲಿ ಕಳಕೊಳ್ಳೋಕೆ ನೀರು ಎಷ್ಟು ತಾನೇ ಇರುತ್ತೆ? ಇಂಟರ್ನಲ್ಸ್ ಇತ್ತು, ಹತ್ತೂವರೆಗೆ ಬರೆದು ಮುಗಿಸಿ ಶೂ ಡಬ್ಬಿಯಲ್ಲಿ ಟವೆಲ್ ಸುತ್ತಿ ಪಶು ಆಸ್ಪತ್ರೆಗೆ ಓಡಿದ್ವಿ.

ಡಾಕ್ಟರ್ ಚರ್ಮದ ಕೆಳಗೆ ಸಲೈನ್ ಕೊಟ್ರು, ತೂಕಕ್ಕೆ ತಕ್ಕ ಹಾಗೆ ಜಂತುಹುಳದ ಔಷಧ ಹಾಕಿದ್ರು. "ತಾಯಿ ಇದ್ದಾಳಾ?" ಅಂತ ಕೇಳಿದ್ರು. ಇದ್ದಾಳೆ ಸರ್ ಅಂದಾಗ, "ಮತ್ತೆ ಯಾಕ್ರಪ್ಪ ಹೆದರ್ತೀರ, ಹೋಗಿ ಅವಳ ಹತ್ರ ಬಿಡಿ" ಅಂದ್ರು. ತಟ್ಟೆಯನ್ನ ಮತ್ತೆ ಗಂಜಿ ಹದಕ್ಕೆ ತಂದ್ವಿ, ಓಮ್‌ಗೆ ಮಾತ್ರ. ಉಳಿದೆರಡನ್ನ ಊಟದ ಹೊತ್ತಲ್ಲಿ ನಮ್ಮ ರೂಮಿಗೆ ಒಯ್ದು, ಓಮ್ ಒಬ್ಬನೇ ಗೌರಿ ಹತ್ರ ಕುಡಿಯೋ ಹಾಗೆ ಮಾಡ್ತಿದ್ವಿ. 36ನೇ ದಿನ 355. ಮೂರು ಗ್ರಾಂ! ಆ ಮೂರು ಗ್ರಾಂ ನೋಡಿ ನಮ್ಮಲ್ಲೊಬ್ಬ ತಕ್ಕಡಿ ಕೆಟ್ಟಿರಬಹುದು ಅಂತ ಮತ್ತೆರಡು ಸಲ ತೂಗಿದ. 38ಕ್ಕೆ 374.

ಅದೇ ವಾರ ದಾವಣಗೆರೆ ಕಡೆಯ ಫೈನಲ್ ಇಯರ್ ಸೀನಿಯರ್ ಒಬ್ಬರು ಆಂಪ್‌ನ ಮನೆಗೆ ಒಯ್ತೀನಿ ಅಂತ ಬಂದ್ರು. "ತಿಂತಾ ಇದೆಯಲ್ರೋ, ಇನ್ನೇನು?" ತಿಂತಿತ್ತು ನಿಜ. "ಅಣ್ಣ, ಎಂಟು ವಾರ ಆಗ್ಲಿ, ಆಮೇಲೆ ನೀವೇ ಬಂದು ತಗೊಂಡ್ಹೋಗಿ" ಅಂದ್ವಿ. ತಿನ್ನೋದರ ಜೊತೆಗೆ ಕಚ್ಚೋದು ಎಷ್ಟು ಜೋರಾಗಿರಬೇಕು, ಮೈ ಹೇಗೆ ನೆಕ್ಕಿಕೊಳ್ಳಬೇಕು, ಮಲ ಎಲ್ಲಿ ಮುಚ್ಚಬೇಕು ಅನ್ನೋದನ್ನೆಲ್ಲ ಮರಿ ಈ ವಾರಗಳಲ್ಲೇ ತಾಯಿ, ಒಡಹುಟ್ಟುಗಳ ಜೊತೆ ಕಲಿಯುತ್ತೆ. ಬೇಗ ತಂದ ಮರಿ ಕೈ ಪರಚುತ್ತೆ ಅಂತ ಆಮೇಲೆ ಬೈಯೋದು ನಾವೇ. ಅಣ್ಣ ಗೊಣಗಿಕೊಂಡೇ ಒಪ್ಪಿದ್ರು, ದಿನಾ ಸಂಜೆ ಬಂದು 'ನನ್ನ ಆಂಪ್' ತೂಕ ಎಷ್ಟು ಅಂತ ಕೇಳಿ ಹೋಗ್ತಿದ್ರು.

56ನೇ ದಿನ ವೋಲ್ಟ್ 810, ಆಂಪ್ 780, ಓಮ್ 635. ಮೂರೂ ಒಣ ಕಾಳನ್ನ ಕಟಕಟ ಅಂತ ಕಡಿದು ತಿಂದು ನೀರು ಕುಡಿದ್ವು. ಆಂಪ್ ದಾವಣಗೆರೆ ಬಸ್ ಹತ್ತಿತು, ವೋಲ್ಟ್ ಡೇ ಸ್ಕಾಲರ್ ಗೆಳತಿಯೊಬ್ಬಳ ಮನೆಗೆ ಹೋಯ್ತು. ಓಮ್ ಗೌರಿ ಜೊತೆ ಉಳಿದಿದ್ದಾನೆ. ತಿಂದಾದ ಮೇಲೂ ಒಂದು ಸಲ ಅವಳ ಹೊಟ್ಟೆ ಹತ್ರ ಹೋಗ್ತಾನೆ, ಅವಳೂ ಎರಡು ನಿಮಿಷ ಸುಮ್ಮನಿದ್ದು ಆಮೇಲೆ ತಲೆ ಮೇಲೊಂದು ಹೊಡೀತಾಳೆ.

ಕೊನೆಗೆ ಒಂದು ಕೆಲಸ ಬಾಕಿ. ಹಾಲು ಕುಡಿಸ್ತಾ ಇರೋವಾಗಲೇ ಬೆಕ್ಕು ಮತ್ತೆ ಗಬ್ಬ ಆಗಬಹುದು. ಹಾಲು ಬತ್ತಿ ಎರಡು ವಾರ ಆದ್ಮೇಲೆ ಗೌರಿಗೆ ಆಪರೇಷನ್ ಮಾಡಿಸಿ ಅಂತ ಡಾಕ್ಟರ್ ಹೇಳಿದ್ದಾರೆ. ರಜೆ ಮುಗಿಸಿ ಬಂದ ಮೊದಲ ಶನಿವಾರಕ್ಕೆ ಹೆಸರು ಬರೆಸಿದ್ದೀವಿ. ಅಲ್ಲಿವರೆಗೆ ಗಂಡು ಬೆಕ್ಕು ಮೆಟ್ಟಿಲ ಹತ್ರ ಬರದ ಹಾಗೆ ನೋಡ್ಕೊಳ್ಳಿ ಅಂತ ಸೆಕ್ಯುರಿಟಿ ಅಂಕಲ್‌ಗೆ ಹೇಳಿದ್ದಕ್ಕೆ ಅವರು ನಕ್ಕು, "ಅದು ನನ್ನ ಕೈಲಿ ಇದೆಯೇನಪ್ಪಾ" ಅಂದ್ರು.