ಅಜ್ಜನ ನಾಡಿದ್ದು

ತೀರ್ಥಹಳ್ಳಿ ಕಡೆಯ ನಮ್ಮಜ್ಜನಿಗೆ ಎರಡೂ ಕಣ್ಣಲ್ಲಿ ಪೊರೆ ಬಂದಿತ್ತು. ವಾಟ್ಸಾಪ್ ಓದುತ್ತಿದ್ದರು, ಆದರೆ ಬೆರಳಿಟ್ಟು, ಬಾಯಲ್ಲಿ ಹೇಳಿಕೊಳ್ಳುತ್ತಾ, ಒಂದೊಂದೇ ಪದ. ಶಿವಮೊಗ್ಗದ ಆಸ್ಪತ್ರೆಯಲ್ಲಿ ತೋರಿಸೋದು ಅಂತಾಯ್ತು. ಬೆಂಗಳೂರಿನಲ್ಲಿದ್ದ ಚಿಕ್ಕಪ್ಪನ ಮಗ ಸೋಮವಾರ ರಾತ್ರಿ ಹನ್ನೊಂದಕ್ಕೆ ಒಂದು ಉದ್ದನೆಯ ಸಂದೇಶ ಹಾಕಿದ: ನಾಡಿದ್ದು 5.30ಕ್ಕೆ ಕಾರು, ಹಳೇ ರಿಪೋರ್ಟು, ಆಧಾರ್, ಶುಗರ್ ಪರೀಕ್ಷೆ ಇರೋದರಿಂದ ಏನೂ ತಿನ್ನಬೇಡಿ, ನಡುವೆ ಕಾರಿನವನ ನಂಬರು. ಎಲ್ಲ ಒಂದೇ ಉಸಿರಿನಲ್ಲಿ.

ಅಜ್ಜ ಎಂಟಕ್ಕೇ ಮಲಗುವವರು. ಅದನ್ನು ಓದಿದ್ದು ಮಂಗಳವಾರ ಬೆಳಗ್ಗೆ. ಅವರ ಲೆಕ್ಕದಲ್ಲಿ ನಾಡಿದ್ದು ಅಂದರೆ ಗುರುವಾರ. ಸಂದೇಶದ ಮೇಲೆ ಪುಟ್ಟ ಅಕ್ಷರದಲ್ಲಿ ದಿನ ಕಾಣುತ್ತೆ ನಿಜ, ಪೊರೆ ಬಂದ ಕಣ್ಣಿಗೆ ಅದು ಎಲ್ಲಿ ಕಾಣಬೇಕು! ಬುಧವಾರ ನಸುಕಿನಲ್ಲಿ ಕಾರು ಅಂಗಳಕ್ಕೆ ಬಂದಾಗ ಅಜ್ಜ ಬಚ್ಚಲೊಲೆಗೆ ಬೆಂಕಿ ಹಾಕುತ್ತಿದ್ದರು, ಒಂದು ಲೋಟ ಕಾಫಿಯೂ ಹೊಟ್ಟೆಗೆ ಇಳಿದಿತ್ತು. ಕಾರು ಬರಿದೇ ವಾಪಸ್ಸಾಯಿತು.

ಅತ್ತೆ ಯಾರಿಗೂ ಬೈಯಲಿಲ್ಲ. ಮುಂದಿನ ವಾರಕ್ಕೆ ಹೊಸ ದಿನ ಗೊತ್ತು ಮಾಡಿ, ಭಾನುವಾರ ಮಧ್ಯಾಹ್ನ, ಅಜ್ಜ ಊಟ ಮಾಡಿ ಜಗಲಿಯಲ್ಲಿ ಕೂರುವ ಹೊತ್ತಿಗೆ, ಇಷ್ಟನ್ನೇ ಕಳಿಸಿದರು:

ಅಪ್ಪಯ್ಯ,
ಬುಧವಾರ, 20ನೇ ತಾರೀಕು.
ಬೆಳಗ್ಗೆ ಐದೂವರೆಗೆ ಕಾರು ಮನೆಗೆ ಬರುತ್ತೆ.
ನಾನು ಕಾರಲ್ಲೇ ಇರ್ತೀನಿ.
ರಕ್ತ ಕೊಟ್ಟ ಮೇಲೆ ಕಾಫಿ, ತಿಂಡಿ.
ಮಧ್ಯಾಹ್ನ ಮೂರರೊಳಗೆ ಮನೆಗೆ ವಾಪಸ್.

ವಾರವೂ ತಾರೀಕೂ ಎರಡೂ ಯಾಕೆ ಅಂತ ಕೇಳಿದೆ. ‘ಒಂದು ತಪ್ಪಿದ್ರೆ ಇನ್ನೊಂದು ಹಿಡಿಯುತ್ತೆ ಕಣೆ, ಗೋಡೆ ಮೇಲಿನ ಕ್ಯಾಲೆಂಡರಲ್ಲಿ ನೋಡ್ಕೊಳ್ತಾರೆ’ ಅಂದರು. ‘ಏನೂ ತಿನ್ನಬೇಡಿ’ ಅಂತ ಬರೆಯದೇ ಇದ್ದದ್ದಕ್ಕೂ ಕಾರಣವಿತ್ತು. ಅಕ್ಷರ ದೊಡ್ಡದು ಮಾಡಿಟ್ಟ ಫೋನಿನಲ್ಲಿ ಸಾಲು ಬೇಗ ಮುರಿಯುತ್ತೆ. ನಿಧಾನ ಓದುವವರು ಸುಸ್ತಾಗಿ ಮೊದಲ ಸಾಲಿಗೇ ನಿಂತರೆ ‘ತಿನ್ನಬೇಡಿ’ ಕೆಳಗೇ ಉಳಿಯುತ್ತೆ. ರಿಪೋರ್ಟು, ಆಧಾರ್ ವಿಷಯ ಅವತ್ತು ಎತ್ತಲೇ ಇಲ್ಲ, ಮಂಗಳವಾರ ಬೇರೆ ಸಂದೇಶದಲ್ಲಿ ಹಾಕಿದರು. ಮೂರು ಗಂಟೆಯ ಮಾತು ಮಾತ್ರ ಬೇಕೇಬೇಕಿತ್ತಂತೆ. ಕೊಟ್ಟಿಗೆಯಲ್ಲಿ ಹಸು ಇರುವ ಮನುಷ್ಯ, ವಾಪಸ್ ಬರೋದು ಯಾವಾಗ ಅಂತ ತಿಳಿಯದೆ ಕಾರು ಹತ್ತುವವರಲ್ಲ.

ಸಂಜೆ ಅತ್ತೆ ಫೋನ್ ಮಾಡಿದರು. ‘ಗೊತ್ತಾಯ್ತಾ?’ ಅಂತ ಕೇಳಲಿಲ್ಲ, ಕೇಳಿದರೆ ಅಜ್ಜ ಹೂಂ ಅಂದುಬಿಡುತ್ತಾರೆ. ‘ಅಪ್ಪಯ್ಯ, ಯಾವತ್ತು ಹೊರಡೋದು?’ ಅಂದರು. ಅಜ್ಜ ವಾರ, ತಾರೀಕು, ಹೊತ್ತು ಮೂರನ್ನೂ ತಾವೇ ಹೇಳಿದರು.

ಬುಧವಾರ ಐದಕ್ಕೇ ಪಂಚೆ ಉಟ್ಟು, ಕಾಫಿ ಮುಟ್ಟದೆ ಕೂತಿದ್ದರು. ಕಣ್ಣಿಗೆ ಹನಿ ಹಾಕಿ ಪಾಪೆ ಹಿಗ್ಗಿಸಿದ್ದರಿಂದ ಮೂರು ಗಂಟೆಗೆ ಮನೆ ಸೇರಿದಾಗಲೂ ಎಲ್ಲ ಮಂಜು ಮಂಜು. ಮುಂದಿನ ತಿಂಗಳು ಒಂದು ಕಣ್ಣಿನ ಪೊರೆ ತೆಗೆಸಿದೆವು. ಆ ಸಲದ ಸಂದೇಶ ಬರೆದವನು ಅದೇ ಚಿಕ್ಕಪ್ಪನ ಮಗ: ಐದು ಸಾಲು, ಮೊದಲನೆಯದರಲ್ಲೇ ವಾರ ಮತ್ತು ತಾರೀಕು.