ಓದಿನ ದಿನಚರಿ ಮತ್ತು ಬಿಟ್ಟ ಪುಸ್ತಕ

ಹಳಗನ್ನಡ ಕಾವ್ಯದಲ್ಲಿ ಸಂಶೋಧನೆಗೆ ತೊಡಗಿದ್ದ ವಿದ್ಯಾರ್ಥಿನಿಯೊಬ್ಬಳು ಪ್ರತಿದಿನ ಬೆಳಗ್ಗೆ ಮುಕ್ಕಾಲು ಗಂಟೆ ಮೂಲಪಠ್ಯವನ್ನೇ ಓದಬೇಕೆಂದು ನಿಶ್ಚಯಿಸಿದಳು. ಆರಂಭಕ್ಕೆ ಆಕೆ ಆರಿಸಿಕೊಂಡದ್ದು ಜನ್ನನ 'ಯಶೋಧರ ಚರಿತೆ'. 1209ರಲ್ಲಿ ರಚಿತವಾದ ಈ ಕೃತಿ ನಾಲ್ಕೇ ಅವತಾರಗಳ ಚಿಕ್ಕ ಕಾವ್ಯ, ಬಹುಪಾಲು ಕಂದಪದ್ಯಗಳಲ್ಲಿದೆ. ಪದ್ಯಗಳ ಸಂಖ್ಯೆ ಮುನ್ನೂರಕ್ಕೆ ತುಸು ಮೇಲಾದ್ದರಿಂದ, ದಿನಕ್ಕೆ ಹತ್ತರಂತೆ ಓದಿದರೆ ಒಂದು ತಿಂಗಳಲ್ಲಿ ಮುಗಿಯಬೇಕೆಂಬುದು ಆಕೆಯ ಲೆಕ್ಕ.

ಮೊದಲ ವಾರದಲ್ಲಿ ಪುಟಗಳನ್ನು ಎಣಿಸಿದಳು. ಅದು ಪ್ರಯೋಜನವಾಗಲಿಲ್ಲ. ಒಂದು ಪುಟದಲ್ಲಿ ಪದ್ಯಗಳೇ ತುಂಬಿದ್ದರೆ ಮತ್ತೊಂದರ ಅರ್ಧಭಾಗವನ್ನು ಪಾಠಾಂತರಗಳು ಆಕ್ರಮಿಸಿದ್ದವು. ಆದ್ದರಿಂದ ಪದ್ಯವನ್ನೇ ಅಳತೆಯಾಗಿ ಇಟ್ಟುಕೊಂಡು ಒಂದು ನೋಟುಪುಸ್ತಕದಲ್ಲಿ ನಾಲ್ಕು ಕಾಲಂ ಎಳೆದಳು: ದಿನಾಂಕ, ಓದಿದ ಪದ್ಯಗಳ ಸಂಖ್ಯೆ, ತಗುಲಿದ ಸಮಯ, ಕೊನೆಗೆ ಆ ದಿನದ ಓದಿನಿಂದ ಹುಟ್ಟಿದ ಒಂದು ವಾಕ್ಯ. ಪದ್ಯವನ್ನು ಗಟ್ಟಿಯಾಗಿ ಓದಿ, ಸಂಧಿ ಬಿಡಿಸಿ, ಅನ್ವಯ ಮಾಡಿ, ತಿಳಿಯದ ಶಬ್ದಕ್ಕೆ ಪೆನ್ಸಿಲಿನಿಂದ ಗುರುತು ಹಾಕಿ ಮುಂದೆ ಸಾಗುವುದು. ಹತ್ತೂ ಮುಗಿದ ಮೇಲೆಯೇ ನಿಘಂಟನ್ನು ತೆರೆಯುವುದು. ನಡುನಡುವೆ ನಿಘಂಟಿಗೆ ಹೋದರೆ ಕಥೆಯ ಎಳೆ ಕಡಿಯುತ್ತಿತ್ತು.

ಎರಡನೆಯ ತಪ್ಪು ಬಾಕಿಯದು. ಊರಿಗೆ ಹೋಗಿ ಎರಡು ದಿನ ಓದು ತಪ್ಪಿದಾಗ ಮೂರನೆಯ ದಿನ ಮೂವತ್ತು ಪದ್ಯಗಳನ್ನು ಓಡಿಸಿದಳು. ಅಂದಿನ ನಾಲ್ಕನೆಯ ಕಾಲಂ ಖಾಲಿ ಉಳಿಯಿತು. ಅಂದಿನಿಂದ ನಿಯಮ ಬದಲಾಯಿತು: ತಪ್ಪಿದ ದಿನಕ್ಕೆ ಒಂದು ಗೆರೆ, ಮರುದಿನ ಮತ್ತೆ ಹತ್ತೇ ಪದ್ಯ, ತೀರ ಬಿಡುವಿಲ್ಲದ ದಿನ ಮೂರಾದರೂ ಸಾಕು. ತಿಂಗಳೆಂದುಕೊಂಡದ್ದು ನಲವತ್ತು ದಿನವಾಯಿತು, ಆದರೆ ಕಾವ್ಯ ಮುಗಿಯಿತು. ಹಿಟ್ಟಿನ ಕೋಳಿಯ ಬಲಿಯ ಪ್ರಸಂಗವನ್ನು ಓದಿದ ದಿನ ಆಕೆ ಬರೆದುಕೊಂಡ ವಾಕ್ಯ ಇದು: "ಕೊಂದದ್ದು ಹಿಟ್ಟನ್ನು, ಆದರೆ ಕೊಲ್ಲುವ ಸಂಕಲ್ಪ ಹಿಟ್ಟಿನದಲ್ಲ." ಮುಂದೆ ಅದೇ ಆಕೆಯ ಒಂದು ಅಧ್ಯಾಯಕ್ಕೆ ಬೀಜವಾಯಿತು.

ಬಳಿಕ ಆಕೆ ಎತ್ತಿಕೊಂಡದ್ದು ನಂತರದ ಕಾಲದ ಒಂದು ದೊಡ್ಡ ಕಾವ್ಯ. ನಗರ, ಸಮುದ್ರ, ಪರ್ವತ, ಋತು, ಚಂದ್ರೋದಯಗಳ ವರ್ಣನೆಗಳು ಸಂಪ್ರದಾಯದ ಸಾಲಿನಲ್ಲಿ ಒಂದರ ಹಿಂದೊಂದು ಬರುತ್ತಿದ್ದವು. ಎರಡನೆಯ ವಾರಕ್ಕೆ ಓದಿನ ಸಮಯ ಇಪ್ಪತ್ತು ನಿಮಿಷಕ್ಕೆ ಇಳಿಯಿತು. ನಾಲ್ಕನೆಯ ಕಾಲಂ ಬರಿದಾಯಿತು. ಆಮೇಲೆ ಸಾಲಾಗಿ ಹತ್ತೊಂಬತ್ತು ಗೆರೆಗಳು. ಪ್ರಾಚೀನ ಕವಿಯನ್ನು ಅರ್ಧಕ್ಕೆ ಬಿಡುವುದು ಅಪರಾಧವೆಂಬ ಅಳುಕಿನಿಂದ ಆ ಪುಸ್ತಕವನ್ನು ಬಿಡಲಿಲ್ಲ. ಅದು ಮುಗಿಯದೆ ಬೇರೊಂದನ್ನು ಮುಟ್ಟುವಂತಿಲ್ಲವೆಂದು ಮತ್ತೇನನ್ನೂ ಓದಲಿಲ್ಲ.

ಮಾರ್ಗದರ್ಶಕರು ನೋಟುಪುಸ್ತಕವನ್ನು ತಿರುವಿಹಾಕಿ ಕೇಳಿದರು: "ಇದು ಕಷ್ಟವೋ ಅಮ್ಮಾ, ನೀರಸವೋ?"

"ಗೊತ್ತಾಗುತ್ತಿಲ್ಲ ಸರ್."

"ಮೂರು ದಿನ ಹತ್ತು ಹತ್ತು ಪದ್ಯಗಳ ಅನ್ವಯವನ್ನು ಪೂರ್ತಿ ಬರೆ. ಅರ್ಥ ಬಿಡಿಸಿದ ಮೇಲೆ ಪದ್ಯ ಬೆಳಗಿದರೆ ಅದು ಕಷ್ಟ; ಬಿಡಬೇಡ. ಅರ್ಥ ಸಲೀಸಾಗಿ ಬಿಡಿಸಿಕೊಂಡೂ ಕೇಳಲು ಒಂದು ಪ್ರಶ್ನೆ ಹುಟ್ಟದಿದ್ದರೆ, ಈ ಹೊತ್ತಿಗೆ ಅದು ನಿನ್ನ ಪುಸ್ತಕವಲ್ಲ."

ಮೂರು ದಿನದ ಮೂವತ್ತು ಪದ್ಯಗಳಲ್ಲಿ ಅರ್ಥ ತೊಡಕಾದದ್ದು ಎರಡೇ. ಪ್ರಶ್ನೆ ಒಂದೂ ಹುಟ್ಟಲಿಲ್ಲ. ಜನ್ನನಲ್ಲಿ ಒಂದೊಂದು ಕಂದಕ್ಕೂ ತಿಣುಕಿದ್ದ ಅದೇ ಓದುಗಳು ಇಲ್ಲಿ ಎಡವದೆಯೇ ದಣಿದಿದ್ದಳು. ನಾಲ್ಕನೆಯ ದಿನ ಒಂದು ಚೀಟಿಯಲ್ಲಿ ನಿಲ್ಲಿಸಿದ ಆಶ್ವಾಸ, ಪದ್ಯಸಂಖ್ಯೆ, ನಿಲ್ಲಿಸಿದ ಕಾರಣ ಬರೆದಳು. ಕೆಳಗೆ "ನಗರವರ್ಣನೆಯ ಪರಂಪರೆಯನ್ನು ನೋಡಬೇಕಾದಾಗ ಮರಳುವುದು" ಎಂದು ಸೇರಿಸಿ, ಚೀಟಿಯನ್ನು ಪುಸ್ತಕದಲ್ಲಿಟ್ಟು ಗ್ರಂಥಾಲಯಕ್ಕೆ ಹಿಂದಿರುಗಿಸುವ ಮುನ್ನ ಅದನ್ನೇ ನೋಟುಪುಸ್ತಕದಲ್ಲೂ ನಕಲು ಮಾಡಿಕೊಂಡಳು. ಬಿಟ್ಟ ಜಾಗ ಗೊತ್ತಿದ್ದುದರಿಂದ, ಬಿಟ್ಟೆನೆಂಬ ಅಳುಕು ಉಳಿಯಲಿಲ್ಲ.

ಈ ಸ್ವಾತಂತ್ರ್ಯಕ್ಕೆ ಮಿತಿಯೂ ಉಂಟು. ಪ್ರಬಂಧದ ಮೂಲ ಆಕರವೇ ಆಗಿರುವ ಕೃತಿಯನ್ನು ನೀರಸವೆಂದು ತೊರೆಯಲಾಗದು. ಅಂಥ ಎರಡು ಕೃತಿಗಳನ್ನು ಆಕೆ ಮಧ್ಯಾಹ್ನದ ಗ್ರಂಥಾಲಯದ ಕೆಲಸಕ್ಕೆ ಸೇರಿಸಿ, ವಿಷಯಕ್ಕೆ ಬೇಕಾದ ಭಾಗಗಳನ್ನು ಹುಡುಕಿ ಟಿಪ್ಪಣಿ ಮಾಡಿಕೊಂಡಳು. ಬೆಳಗಿನ ಮುಕ್ಕಾಲು ಗಂಟೆಗೆ ಅವನ್ನು ತರಲಿಲ್ಲ.

ಮರುದಿನ ಬೆಳಗ್ಗೆ 'ವಡ್ಡಾರಾಧನೆ'ಯ ಹತ್ತೊಂಬತ್ತು ಕಥೆಗಳಲ್ಲಿ ಮೊದಲನೆಯದಾದ ಸುಕುಮಾರಸ್ವಾಮಿಯ ಕಥೆಯನ್ನು ತೆರೆದಳು. ಇದು ಗದ್ಯ, ಪದ್ಯದ ಎಣಿಕೆ ಇಲ್ಲಿ ನಡೆಯದು. ಎರಡನೆಯ ಕಾಲಮ್ಮಿನ ತಲೆಬರಹವನ್ನು ಹೊಡೆದುಹಾಕಿ 'ಪ್ರಸಂಗ' ಎಂದು ಬರೆದಳು. ಅಂದಿನ ಸಮಯ ಐವತ್ತು ನಿಮಿಷ. ನಾಲ್ಕನೆಯ ಕಾಲಂನಲ್ಲಿ ಒಂದರ ಬದಲು ಎರಡು ವಾಕ್ಯಗಳಿದ್ದವು.