ಮನೆಸಾಲದ ಲೆಕ್ಕ

ಮನೆಸಾಲದ ಕಂತು ತಿಂಗಳು ತಿಂಗಳೂ ಒಂದೇ ಮೊತ್ತವಾಗಿ ಸಲ್ಲುತ್ತಿದ್ದರೆ ಸಾಲವೂ ಮೊದಲು ಹೇಳಿದ ಕಾಲಕ್ಕೆ ತೀರುವುದೆಂದು ಗೃಹಸ್ಥರು ನಂಬುವುದು ಸಹಜ. ನಾವೂ ಹಾಗೆಯೇ ನಂಬಿದ್ದೆವು. 2022ರ ಮೇ ತಿಂಗಳಿಂದ 2023ರ ಫೆಬ್ರವರಿಯವರೆಗೆ ರಿಸರ್ವ್ ಬ್ಯಾಂಕು ರೆಪೊ ದರವನ್ನು ಶೇಕಡಾ 4ರಿಂದ 6.5ಕ್ಕೆ ಏರಿಸಿತು. ಆ ದರವನ್ನೇ ಅನುಸರಿಸುವ ನಮ್ಮ ಸಾಲದ ಬಡ್ಡಿಯೂ ಶೇಕಡಾ 7ರಿಂದ 9.5ಕ್ಕೆ ಏರಿತು. ಕಂತು ಮಾತ್ರ 17,977 ರೂಪಾಯಿಯಲ್ಲಿಯೇ ನಿಂತಿತ್ತು. “ಬಡ್ಡಿ ಹೆಚ್ಚಿದ ಮೇಲೆ ಆ ಭಾರ ಎಲ್ಲಿಗೆ ಹೋಯಿತು?” ಎಂದು ನಮ್ಮ ಮನೆಯಾಕೆ ಕೇಳಿದ ಮೇಲೆಯೇ ನಾವು ಕಾಗದ ಪೆನ್ಸಿಲು ಹಿಡಿದುದು.

ಏರಿಕೆಯು ಹಲವು ಹಂತಗಳಲ್ಲಿ ಬಂದಿದ್ದರೂ, ಲೆಕ್ಕ ಸುಲಭವಾಗಲೆಂದು ಒಂದೇ ಬಾರಿಗೆ ಬಂದಿತೆಂದು ಎಣಿಸಿದೆವು. ಬಾಕಿ ಅಸಲು 20 ಲಕ್ಷ. ಉಳಿದ ಕಂತುಗಳು 180. ಬಾಕಿಯನ್ನು ವಾರ್ಷಿಕ ದರದಿಂದ ಗುಣಿಸಿ 12ರಿಂದ ಭಾಗಿಸಿದರೆ ಆ ತಿಂಗಳ ಬಡ್ಡಿ ದೊರೆಯುತ್ತದೆ. ಕಂತಿನಲ್ಲಿ ಅದನ್ನು ಕಳೆದರೆ ಉಳಿಯುವುದೇ ಅಸಲಿಗೆ ಸಲ್ಲುವ ಹಣ. ಶೇಕಡಾ 7ರಲ್ಲಿ ಬಡ್ಡಿ 11,667, ಅಸಲಿಗೆ 6,310. ಶೇಕಡಾ 9.5ರಲ್ಲಿಯಾದರೋ ಬಡ್ಡಿಯೇ 15,833 ರೂಪಾಯಿಯನ್ನು ನುಂಗಿ, ಅಸಲಿಗೆ ಕೇವಲ 2,144 ಉಳಿಯಿತು. ದರ ಶೇಕಡಾ 10.8 ಆಗಿದ್ದರೆ ಕಂತು ಬಡ್ಡಿಗೂ ಸಾಲದೆ ಬಾಕಿಯೇ ಬೆಳೆಯುತ್ತಿತ್ತು!

ಎಷ್ಟು ಕಂತು ಬೇಕೆಂಬುದನ್ನು ಕೈಯಿಂದ ಎಣಿಸುವುದು ಕಷ್ಟ. ಕಂಪ್ಯೂಟರಿನ ಲೆಕ್ಕದ ಹಾಳೆಯಲ್ಲಿ ಈ ಎರಡು ಸಾಲುಗಳನ್ನು ಬರೆದರೆ ಸಾಕು:

```
=NPER(9.5%/12,-17977,2000000)
=PMT(9.5%/12,180,-2000000)
```

ಮೊದಲನೆಯದು 269.68 ಎಂದಿತು, ಎಂದರೆ 270 ಕಂತು. ಏಳೂವರೆ ವರ್ಷ ಹೆಚ್ಚು! ಅರವತ್ತಕ್ಕೆ ನಿವೃತ್ತರಾಗುವ ನಾವು ಅರವತ್ತೇಳು ದಾಟುವವರೆಗೆ ಪಿಂಚಣಿಯಲ್ಲಿ ಕಂತು ಕಟ್ಟಬೇಕಾಗಿತ್ತು. ಬಡ್ಡಿಯೆಂದು ಹತ್ತು ಲಕ್ಷಕ್ಕೂ ಮೀರಿ ಹೆಚ್ಚಾಗಿ ತೆರಬೇಕಾಗಿತ್ತು. ಎರಡನೆಯದು, ಅವಧಿಯನ್ನು 180ರಲ್ಲಿಯೇ ಉಳಿಸಿಕೊಂಡರೆ ಕಂತು ಸುಮಾರು 20,884 ಎಂದಿತು.

ನಮಗೆ ಬ್ಯಾಂಕಿನಿಂದ ಬಂದಿದ್ದ ಸಂದೇಶದಲ್ಲಿ ಹೊಸ ದರವಿತ್ತೇ ಹೊರತು ಹೊಸ ಅವಧಿಯಿರಲಿಲ್ಲ. 2023ರ ಆಗಸ್ಟ್ 18ರ ರಿಸರ್ವ್ ಬ್ಯಾಂಕಿನ ಸೂಚನೆಯ ಮೇರೆಗೆ, ಕಂತು ಏರಬೇಕೋ, ಅವಧಿ ಬೆಳೆಯಬೇಕೋ, ಎರಡೂ ಸ್ವಲ್ಪ ಸ್ವಲ್ಪವೋ ಎಂಬುದನ್ನು ಆರಿಸುವ ಅವಕಾಶ ಸಾಲಗಾರನಿಗೆ ಇರಬೇಕು. ಉಳಿದ ಕಂತುಗಳ ಸಂಖ್ಯೆಯನ್ನು ತೋರುವ ಪಟ್ಟಿಯೂ ಮೂರು ತಿಂಗಳಿಗೊಮ್ಮೆ ದೊರೆಯಬೇಕು. ಆ ಪಟ್ಟಿಯಲ್ಲಿ ನಾವು ಮೊದಲು ನೋಡುವುದು ಆ ಸಂಖ್ಯೆಯನ್ನೇ. ನಮ್ಮ ಎಣಿಕೆಗೂ ಅದಕ್ಕೂ ಒಂದೆರಡು ಕಂತಿನ ವ್ಯತ್ಯಾಸ ದರ ಬದಲಾದ ದಿನಾಂಕದಿಂದ ಬರಬಹುದು, ಹತ್ತಿಪ್ಪತ್ತಾದರೆ ಕೇಳಲೇಬೇಕು.

20,884 ನಮ್ಮ ಸಂಸಾರದ ವೆಚ್ಚಕ್ಕೆ ಹೊಂದಲಿಲ್ಲ. 20,000 ಎಂದು ಅರ್ಜಿ ಬರೆದುಕೊಟ್ಟೆವು; ಕಂತುಗಳು 199ಕ್ಕೆ ಇಳಿದುವು. 2025ರಲ್ಲಿ ದರ ಇಳಿಯತೊಡಗಿದಾಗ ಕಂತನ್ನು ತಗ್ಗಿಸದಿರಿ, ಅವಧಿಯನ್ನೇ ತಗ್ಗಿಸಿ ಎಂದು ಬ್ಯಾಂಕಿಗೆ ಪತ್ರ ಬರೆದವಳು ನಮ್ಮ ಮನೆಯಾಕೆಯೇ.